ಕಮಟು ವಾಸನೆಯ ಚಕ್ಕುಲಿ ವಾಪಸ್ ಕರೆಸುವಾಗ ಪೋಸ್ಟಿನಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಮಸ್ಕಾರ ಸರ್. ಹಾಸನದಲ್ಲಿ ನಾನು, ನನ್ನಣ್ಣ ಸೇರಿ ಕುರುಕಲು ತಿಂಡಿ ಮಾಡಿ 200 ಗ್ರಾಂ ಪ್ಯಾಕೆಟ್ ಕಟ್ಟಿ ಮಾರುತ್ತೇವೆ. ದೀಪಾವಳಿಗೆಂದು ಅಕ್ಟೋಬರ್ 11 ಮತ್ತು 12ರಂದು ಸುಮಾರು 3,000 ಪ್ಯಾಕೆಟ್ ಚಕ್ಕುಲಿ ಮಾಡಿದೆವು, ಬ್ಯಾಚ್ 284 ಮತ್ತು 285. ಈಗ ಆರು ಕಡೆಯಿಂದ ದೂರು ಬಂದಿದೆ. ಚಕ್ಕುಲಿ ಮೆತ್ತಗಾಗಿದೆ, ಕಮಟು ವಾಸನೆ ಹೊಡೆಯುತ್ತಿದೆ ಅನ್ನುತ್ತಿದ್ದಾರೆ. ಪ್ಯಾಕಿಂಗ್ ಯಂತ್ರದ ಹೀಟರ್ ಕೆಟ್ಟಿದ್ದು ಗೊತ್ತಾಗಿ 13ರ ಬೆಳಿಗ್ಗೆಯೇ ಬದಲಿಸಿದ್ದೆವು, ಆದರೆ ಅಷ್ಟರಲ್ಲಿ ಮಾಲು ಹೊರಟಿತ್ತು. 12ರ ಮಧ್ಯಾಹ್ನ ಅದೇ ಯಂತ್ರದಲ್ಲಿ ಕೋಡುಬಳೆಯೂ ಪ್ಯಾಕ್ ಆಗಿದೆ, ಅದರ ಮೇಲೆ ದೂರಿಲ್ಲ. ಇವತ್ತು ನವೆಂಬರ್ 3. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್‌ನಲ್ಲಿ ಹಾಕಲು ಅಣ್ಣ ಹೀಗೆ ಬರೆದಿದ್ದಾನೆ: "ತಾಂತ್ರಿಕ ಕಾರಣಗಳಿಂದ ನಮ್ಮ ಕೆಲವು ಉತ್ಪನ್ನಗಳನ್ನು ಸ್ವಯಂಪ್ರೇರಿತವಾಗಿ ಹಿಂಪಡೆಯುತ್ತಿದ್ದೇವೆ. ಗುಣಮಟ್ಟವೇ ನಮ್ಮ ಉಸಿರು. ವಿವರಗಳಿಗೆ ಮೆಸೇಜ್ ಮಾಡಿ." ಇಷ್ಟು ಸಾಕೇ?

ಉತ್ತರ: ಸಾಲದು. ನಿಮ್ಮ ಚಕ್ಕುಲಿ ಕೊಂಡ ಒಬ್ಬ ಗೃಹಿಣಿ ಪ್ಯಾಕೆಟ್ಟನ್ನು ಒಂದು ಕೈಯಲ್ಲಿ, ಫೋನನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಮ್ಮ ಅಣ್ಣ ಬರೆದಿದ್ದನ್ನು ಓದಿದರು ಅಂದುಕೊಳ್ಳಿ. ತನ್ನ ಪ್ಯಾಕೆಟ್ ಇದರಲ್ಲಿ ಸೇರಿದೆಯೋ ಇಲ್ಲವೋ, ತಿನ್ನಬಹುದೋ ಬಾರದೋ, ದುಡ್ಡು ಯಾರು ಕೊಡುತ್ತಾರೆ, ಈ ಮೂರರಲ್ಲಿ ಒಂದಕ್ಕೂ ಅಲ್ಲಿ ಉತ್ತರವಿಲ್ಲ. ಅವರು ಮುಂದಿನ ಪೋಸ್ಟಿಗೆ ಹೋಗುತ್ತಾರೆ, ಮಕ್ಕಳು ಚಕ್ಕುಲಿ ತಿನ್ನುತ್ತಾರೆ. ಆದರೆ ಬರೆಯಲು ಕೂರುವ ಮೊದಲು ನೀವು ಇತ್ಯರ್ಥ ಮಾಡಬೇಕಾದ ಒಂದು ವಿಷಯವಿದೆ: ವಾಪಸ್ ಕರೆಸುವುದು ನಿಖರವಾಗಿ ಯಾವ ಯಾವ ಪ್ಯಾಕೆಟ್ಟುಗಳನ್ನು? ಅದನ್ನು ತಪ್ಪಾಗಿ ಹಿಡಿದರೆ ಮಾತು ಎಷ್ಟೇ ಚೆನ್ನಾಗಿದ್ದರೂ ಪೋಸ್ಟು ಸುಳ್ಳಾಗುತ್ತದೆ.

ಕಮಟು ವಾಸನೆಗೆ ನಿಮ್ಮಂಥ ಘಟಕದಲ್ಲಿ ಸಾಮಾನ್ಯವಾಗಿ ಎರಡು ದಾರಿ. ಒಂದು, ಸೀಲು ಸರಿಯಾಗಿ ಕೂರದೆ ಪ್ಯಾಕೆಟ್ ಸೋರುವುದು. ಎರಡು, ಕರಿದ ಎಣ್ಣೆಯೇ ಹಳಸಿರುವುದು. ಇವೆರಡನ್ನೂ ಕೈಯಲ್ಲೇ ಬೇರ್ಪಡಿಸಬಹುದು. ಸೋರುವ ಪ್ಯಾಕೆಟ್ ಗಾಳಿ ಕಳೆದುಕೊಂಡು ಜೋತು ಬಿದ್ದಿರುತ್ತದೆ, ಒಳಗಿನ ತಿಂಡಿ ಹೊರಗಿನ ತೇವ ಹೀರಿ ಮೆತ್ತಗಾಗಿರುತ್ತದೆ, ವಾಸನೆ ಅದರ ಜೊತೆಗೆ ಬರುತ್ತದೆ. ಎಣ್ಣೆ ಕೆಟ್ಟಿದ್ದರೆ ಪ್ಯಾಕೆಟ್ ಬಿಗಿಯಾಗಿ ಉಬ್ಬಿಕೊಂಡೇ ಇರುತ್ತದೆ, ಚಕ್ಕುಲಿ ಗರಿಗರಿಯಾಗಿಯೇ ಇರುತ್ತದೆ, ಆದರೂ ಬಾಯಿ ತೆರೆದೊಡನೆ ನಾತ ಬರುತ್ತದೆ. ನಿಮಗೆ ಬಂದ ದೂರುಗಳಲ್ಲಿ ಮೆತ್ತಗಾಗಿದೆ ಎಂಬ ಮಾತಿದೆ, ಹೀಟರ್ ಕೆಟ್ಟ ದಾಖಲೆಯೂ ಇದೆ. ಹಾಗಾಗಿ ಮೊದಲ ಅನುಮಾನ ಸೀಲಿನ ಮೇಲೆ. ಪ್ಯಾಕೆಟ್ ಹಾಳೆಯ ಒಳಪದರ ಕರಗಿ ಒಂದಕ್ಕೊಂದು ಅಂಟುವಷ್ಟು ಬಿಸಿ ಸಿಗದಿದ್ದಾಗ ಸೀಲು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಸಾಗಣೆಯ ಒತ್ತಡಕ್ಕೆ ಬಿಟ್ಟುಕೊಳ್ಳುತ್ತದೆ. ಕಳಿಸುವಾಗ ಗೊತ್ತಾಗದೆ ಮೂರು ವಾರದ ಮೇಲೆ ದೂರು ಬರುವುದು ಅದಕ್ಕೇ.

ಖಚಿತ ಮಾಡಿಕೊಳ್ಳಲು ಗೋದಾಮಿನಲ್ಲಿ ಉಳಿದಿರುವ ಅದೇ ಬ್ಯಾಚಿನ ಪ್ಯಾಕೆಟ್ಟುಗಳನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ ಅಂಗೈಯಿಂದ ಒತ್ತಿ. ಸೀಲಿನ ಅಂಚಿನಿಂದ ಸಾಲಾಗಿ ಗುಳ್ಳೆ ಎದ್ದರೆ ಸೋರಿಕೆ ಅಲ್ಲಿದೆ. ಜೋತು ಬಿದ್ದ ಪ್ಯಾಕೆಟ್ ಗುಳ್ಳೆ ಕೊಡದಿದ್ದರೆ ಅದು ಸರಿಯಿದೆ ಎಂದಲ್ಲ, ಅದರ ಗಾಳಿ ಆಗಲೇ ಹೋಗಿದೆ ಎಂದರ್ಥ. ಜೊತೆಗೆ ಆ ಎರಡು ದಿನದ ಕರಿಯುವ ಎಣ್ಣೆಯ ದಾಖಲೆ ತೆಗೆದು ನೋಡಿ. ಎಣ್ಣೆ ಮತ್ತೆ ಮತ್ತೆ ಕಾದಂತೆ ಹೆಚ್ಚುವ ಒಟ್ಟು ಪೋಲಾರ್ ಸಂಯುಕ್ತಗಳು ಬಳಸಿದ ಎಣ್ಣೆಯಲ್ಲಿ ನೂರಕ್ಕೆ 25 ದಾಟಬಾರದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಎಣ್ಣೆಯೂ ತಪ್ಪಿತಸ್ಥ ಎಂದಾದರೆ ಲೆಕ್ಕವೇ ಬದಲಾಗುತ್ತದೆ. ಆ ಬಾಣಲೆಯಲ್ಲಿ ಕರಿದ ಎಲ್ಲ ತಿಂಡಿಯೂ, ಯಾವ ಯಂತ್ರದಲ್ಲಿ ಪ್ಯಾಕ್ ಆಗಿದ್ದರೂ, ವಾಪಸ್ ಬರಬೇಕು. ಎರಡೂ ಬ್ಯಾಚಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಎಣ್ಣೆ ಎಷ್ಟು ಹಳಸಿದೆ ಎಂದು ತೋರಿಸುವ ಪೆರಾಕ್ಸೈಡ್ ಮೌಲ್ಯ ಮತ್ತು ಮುಕ್ತ ಕೊಬ್ಬಿನಾಮ್ಲ ನೋಡಿಸಿ. ಆದರೆ ವರದಿ ಬರಲಿ ಎಂದು ಪೋಸ್ಟ್ ತಡೆಹಿಡಿಯಬೇಡಿ. ಗ್ರಾಹಕರಿಗೆ ಇವತ್ತು ಬೇಕಾಗಿರುವುದು ಕಾರಣದ ವಿಶ್ಲೇಷಣೆಯಲ್ಲ, ತಿನ್ನಬೇಡಿ ಎಂಬ ಮಾತು.

ಈಗ ಕೋಡುಬಳೆ. ದೂರಿಲ್ಲ ಎಂಬ ಕಾರಣಕ್ಕೆ ಅದನ್ನು ಬಿಡುವ ಹಾಗಿಲ್ಲ. ತೆಗೆದಿಟ್ಟ ಮಾದರಿಯಲ್ಲಿ ಐದಾರು ಪ್ಯಾಕೆಟ್ ನೋಡಿದೆವು, ಎಲ್ಲ ಸರಿಯಿದೆ ಎನ್ನುವುದೂ ಸಾಕಾಗುವುದಿಲ್ಲ. ನೂರಕ್ಕೆ ಎರಡು ಪ್ಯಾಕೆಟ್ ಸೋರುತ್ತಿವೆ ಎಂದಿಟ್ಟುಕೊಳ್ಳಿ. ಆರು ಪ್ಯಾಕೆಟ್ ತೆಗೆದರೆ ಆರೂ ಸರಿಯಾಗಿ ಕಾಣುವ ಸಂಭವ ನೂರಕ್ಕೆ 88ಕ್ಕಿಂತ ಹೆಚ್ಚು. ಅರವತ್ತು ತೆಗೆದರೂ ಮೋಸ ಹೋಗುವ ಸಂಭವ ನೂರಕ್ಕೆ 30ರಷ್ಟು ಉಳಿಯುತ್ತದೆ. ಅದೇ ಕೆಟ್ಟ ಹೀಟರ್ ಕೆಳಗೆ ಹಾದುಹೋದ ಮಾಲು ಅದು, ಆದ್ದರಿಂದ ಕೋಡುಬಳೆ ಬ್ಯಾಚ್ 285 ಕೂಡ ಪಟ್ಟಿಗೆ ಸೇರಬೇಕು. ಹಿಂದಕ್ಕೂ ಒಮ್ಮೆ ನೋಡಿ. ಹೀಟರ್ 13ರಂದು ಬದಲಾಯಿತು ಸರಿ, ಕೆಡಲು ಶುರುವಾದದ್ದು ಯಾವಾಗ? ಸೀಲು ಪರೀಕ್ಷಿಸಿ ಸರಿಯಿದೆ ಎಂದು ಕೊನೆಯ ಬಾರಿ ಬರೆದಿಟ್ಟ ಗಳಿಗೆಯಿಂದ ಹೊಸ ಹೀಟರ್ ಕೂರಿಸಿದ ಗಳಿಗೆಯವರೆಗಿನ ಎಲ್ಲವೂ ಅನುಮಾನದ ಮಾಲು. ಆ ಕೊನೆಯ ಬರಹ 10ರ ಸಂಜೆಯದಾಗಿದ್ದರೆ ನಿಮ್ಮ ಎರಡು ಬ್ಯಾಚಿನ ಲೆಕ್ಕ ಸರಿ. ಅದು 9ರದ್ದಾಗಿದ್ದರೆ ಬ್ಯಾಚ್ 283 ಕೂಡ ಸೇರಿಸಿ. ಮೊದಲ ದಿನ ಒಂದು ಬ್ಯಾಚ್ ಹೇಳಿ, ನಾಲ್ಕು ದಿನದ ಮೇಲೆ ಇನ್ನೊಂದು, ವಾರದ ಮೇಲೆ ಮತ್ತೊಂದು ಎಂದು ಹೇಳುವವರ ಮಾತನ್ನು ಜನ ಮೂರನೆಯ ಸಲ ನಂಬುವುದಿಲ್ಲ.

ಪೋಸ್ಟಿಗೂ ಮೊದಲು ಎರಡು ಕರೆ ಮಾಡಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೇ ಕಲಂ ಪ್ರಕಾರ, ತನ್ನ ಮಾಲು ಕಾಯ್ದೆಗೆ ತಕ್ಕಂತಿಲ್ಲ ಎಂದು ನಂಬಲು ಕಾರಣವಿದ್ದ ಕೂಡಲೇ ತಯಾರಕ ಅದನ್ನು ಮಾರುಕಟ್ಟೆಯಿಂದಲೂ ಗ್ರಾಹಕರಿಂದಲೂ ಕಾರಣ ಹೇಳಿ ವಾಪಸ್ ಪಡೆಯಬೇಕು, ಅಧಿಕಾರಿಗಳಿಗೂ ತಿಳಿಸಬೇಕು. ಕ್ರಮ ಹೇಗೆಂಬುದು 2017ರ ಆಹಾರ ಹಿಂಪಡೆಯುವ ನಿಯಮಾವಳಿಯಲ್ಲಿದೆ, ತಿಳಿಸಲು ಅದು ಕೊಡುವ ಅವಧಿ 24 ಗಂಟೆ. ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಮೊದಲು ಫೋನು, ಹಿಂದೆಯೇ ಬರಹದಲ್ಲಿ ವಿವರ ಕೊಡಿ. ಮೇಲಿನ ಕಚೇರಿಗಳಿಗೆ ಕಳಿಸಬೇಕಾದ ನಮೂನೆಯನ್ನು ಅವರಿಂದಲೇ ಕೇಳಿ ಅವತ್ತೇ ಕಳಿಸಿ. ಕಾಯ್ದೆಯೇ ಕಾರಣ ಹೇಳಿ ಎನ್ನುತ್ತಿರುವಾಗ "ತಾಂತ್ರಿಕ ಕಾರಣ" ಎಂಬುದು ನಿಲ್ಲುವ ಮಾತಲ್ಲ. "ಸ್ವಯಂಪ್ರೇರಿತ" ಎಂಬ ಪದವೂ ಹಾಗೇ. ಮಾಡಲೇಬೇಕಾದ್ದನ್ನು ಔದಾರ್ಯದಂತೆ ತೋರಿಸುವ ಪದ ಅದು, ತೆಗೆದುಹಾಕಿ.

ಎರಡನೆಯ ಕರೆ ವಿತರಕರಿಗೆ. ಬೆಳಿಗ್ಗೆ ವಿತರಕರು ಮತ್ತು ಅಂಗಡಿಗಳಿಗೆ, ಅವತ್ತೇ ಸಂಜೆಯೊಳಗೆ ಪೋಸ್ಟು, ಈ ಕ್ರಮ ಕೆಡಬಾರದು. ಗ್ರಾಹಕ ಪ್ಯಾಕೆಟ್ ಹಿಡಿದು ಹೋದಾಗ "ನಮಗೇನೂ ಗೊತ್ತಿಲ್ಲಪ್ಪ" ಎಂದು ಅಂಗಡಿಯವರು ಹೇಳಿದರೆ ಪೋಸ್ಟಿನಲ್ಲಿ ಬರೆದ ಅಷ್ಟೂ ಮಾತು ಅಲ್ಲಿಗೇ ಮುಗಿಯಿತು. ಅಂಗಡಿಯವರಿಗೆ ಕಳಿಸುವ ಸಂದೇಶ ಬೇರೆಯೇ ಇರಲಿ: ಈ ಬ್ಯಾಚು ಮಾರಬೇಡಿ, ಶೆಲ್ಫಿನಿಂದ ತೆಗೆದು ಪೆಟ್ಟಿಗೆಗೆ ಹಾಕಿ ಮೇಲೆ "ಮಾರಾಟಕ್ಕಲ್ಲ" ಎಂದು ಬರೆದಿಡಿ, ಗ್ರಾಹಕರು ತಂದರೆ ಬಿಲ್ ಕೇಳದೆ ಎಂಆರ್‌ಪಿ ವಾಪಸ್ ಕೊಡಿ, ಎಣಿಕೆ ಬರೆದಿಡಿ, ವಿತರಕರು ಬಂದಾಗ ಪೂರ್ತಿ ಹಣ ನಿಮಗೆ ಸಲ್ಲುತ್ತದೆ. ಕೊನೆಯ ವಾಕ್ಯವಿಲ್ಲದಿದ್ದರೆ ಯಾವ ಅಂಗಡಿಯವರೂ ತಮ್ಮ ಗಲ್ಲಾದಿಂದ ದುಡ್ಡು ತೆಗೆಯುವುದಿಲ್ಲ.

ಇನ್ನು ಬರಹ. ಇನ್‌ಸ್ಟಾಗ್ರಾಂ ಒಂದು ಪೋಸ್ಟಿನ ಕೆಳಗೆ 2,200 ಅಕ್ಷರದವರೆಗೆ ಬಿಡುತ್ತದೆ, ಆದರೆ ತೆರೆಯದೆ ಕಾಣುವುದು ಸುಮಾರು 125 ಅಕ್ಷರ. ಕನ್ನಡಕ್ಕೆ ಇದು ಇನ್ನೂ ಕಡಿಮೆ, ಏಕೆಂದರೆ ಫೋನು ಒತ್ತು, ಗುಣಿತಗಳನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ನಮಗೆ ಮೂರಕ್ಷರದ "ಚಕ್ಕುಲಿ" ಅದರ ಲೆಕ್ಕದಲ್ಲಿ ಏಳು. ಆದ್ದರಿಂದ ಮೊದಲ ಎರಡು ಸಾಲಿನಲ್ಲೇ ಯಾವ ತಿಂಡಿ, ಯಾವ ಬ್ಯಾಚು, ಏನು ಮಾಡಬೇಕು ಎಂಬುದು ಮುಗಿದಿರಬೇಕು. "ಆತ್ಮೀಯ ಗ್ರಾಹಕರೇ" ಎಂದು ಶುರು ಮಾಡಿದರೆ ಆ ಜಾಗ ನಮಸ್ಕಾರದಲ್ಲೇ ಖರ್ಚಾಗುತ್ತದೆ. ಕ್ಷಮೆ ಕೇಳಬೇಕು, ಆದರೆ ಅದರ ಜಾಗ ಕೊನೆಯಲ್ಲಿ, ಒಂದು ಸಲ.

ನಿಮ್ಮ ವಿಷಯಕ್ಕೆ ಹೊಂದುವ ಬರಹ ಹೀಗಿರಬಹುದು. ಚೌಕ ಆವರಣದಲ್ಲಿರುವುದನ್ನು ನೀವು ತುಂಬಿಕೊಳ್ಳಿ.

ತಿನ್ನಬೇಡಿ: [ಬ್ರ್ಯಾಂಡ್] ಚಕ್ಕುಲಿ 200 ಗ್ರಾಂ, ಬ್ಯಾಚ್ 284, 285, ಕೋಡುಬಳೆ 200 ಗ್ರಾಂ, ಬ್ಯಾಚ್ 285. ವಾಪಸ್ ಕೊಡಿ, ಪೂರ್ತಿ ಹಣ ಸಿಗುತ್ತದೆ.

ಕಾರಣ: 11 ಮತ್ತು 12-10-2025ರಂದು ಪ್ಯಾಕ್ ಮಾಡುವಾಗ ಯಂತ್ರದ ಹೀಟರ್ ಕೆಟ್ಟು ಕೆಲವು ಪ್ಯಾಕೆಟ್ಟುಗಳ ಸೀಲು ಗಟ್ಟಿಯಾಗಿ ಕೂತಿಲ್ಲ. ಒಳಗೆ ಗಾಳಿ, ತೇವ ಸೇರಿ ತಿಂಡಿ ಮೆತ್ತಗಾಗಿದೆ, ಕಮಟು ವಾಸನೆ ಬಂದಿದೆ. ಹೊರಗಿನಿಂದ ನೋಡಿ ಹೇಳಲಾಗದ ಕಾರಣ ಈ ಬ್ಯಾಚುಗಳ ಎಲ್ಲ ಪ್ಯಾಕೆಟ್ ವಾಪಸ್ ಪಡೆಯುತ್ತಿದ್ದೇವೆ.

ನಿಮ್ಮದು ಇದೇನಾ? ಪ್ಯಾಕೆಟ್ ಹಿಂಭಾಗದಲ್ಲಿ ಎಂಆರ್‌ಪಿ ಕೆಳಗೆ ಬ್ಯಾಚ್ ಸಂಖ್ಯೆ ಇದೆ (ಚಿತ್ರ 2 ನೋಡಿ). ಡಬ್ಬಿಗೆ ಸುರಿದು ಕವರ್ ಎಸೆದಿದ್ದರೆ: ಅಕ್ಟೋಬರ್ 12ರಂದು ಅಥವಾ ಆಮೇಲೆ ಕೊಂಡದ್ದಾದರೆ ಇದೇ ಬ್ಯಾಚ್ ಎಂದೇ ತಿಳಿಯಿರಿ.

ಏನು ಮಾಡಬೇಕು?
1. ರುಚಿ ನೋಡಬೇಡಿ, ಬಿಸಿ ಮಾಡಿ ಬಳಸಬೇಡಿ, ಬೇರೆಯವರಿಗೆ ಅಥವಾ ದನ, ನಾಯಿಗಳಿಗೆ ಕೊಡಬೇಡಿ.
2. ಕೊಂಡ ಅಂಗಡಿಗೆ ಕೊಡಿ. ತೆರೆದಿದ್ದರೂ, ಬಿಲ್ ಇಲ್ಲದಿದ್ದರೂ ಎಂಆರ್‌ಪಿ ಪೂರ್ತಿ ವಾಪಸ್.
3. ಅಂಗಡಿಗೆ ಹೋಗಲಾಗದಿದ್ದರೆ ಬ್ಯಾಚ್ ಸಂಖ್ಯೆಯ ಪಕ್ಕ ಪೆನ್ನಿನಿಂದ ಅಡ್ಡ ಗೀಟು ಎಳೆದು ಫೋಟೊ ತೆಗೆದು [ಸಂಖ್ಯೆ]ಗೆ ವಾಟ್ಸಾಪ್ ಮಾಡಿ, ತಿಂಡಿ ಕಸಕ್ಕೆ ಹಾಕಿ. 3 ದಿನದೊಳಗೆ ಹಣ ಬರುತ್ತದೆ. ಕವರ್ ಇಲ್ಲದಿದ್ದರೆ ಇದೇ ಸಂಖ್ಯೆಗೆ ಕರೆ ಮಾಡಿ.
4. ಯಾರಿಗಾದರೂ ಹಬ್ಬಕ್ಕೆ ಕೊಟ್ಟಿದ್ದರೆ, ಪರ ಊರಿಗೆ ಕಳಿಸಿದ್ದರೆ ಅವರಿಗೆ ಇದನ್ನು ತಲುಪಿಸಿ.

ತಿಂದ ಮೇಲೆ ಹೊಟ್ಟೆ ತೊಳಸುವುದು, ವಾಂತಿ, ಭೇದಿ ಆದರೆ ವೈದ್ಯರಿಗೆ ತೋರಿಸಿ, ನಮಗೂ ಹೇಳಿ.

ನಾವು ಒಟಿಪಿ, ಯುಪಿಐ ಪಿನ್ ಕೇಳುವುದಿಲ್ಲ. ಫೋನ್: [ಪ್ಯಾಕೆಟ್ ಮೇಲಿರುವ ಅದೇ ಸಂಖ್ಯೆ], ಬೆಳಿಗ್ಗೆ 8ರಿಂದ ರಾತ್ರಿ 9. ಬೇರೆ ಬ್ಯಾಚುಗಳು ಇದರಲ್ಲಿ ಸೇರಿಲ್ಲ. ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಿದ್ದೇವೆ. ತಪ್ಪು ನಮ್ಮದು, ಕ್ಷಮಿಸಿ. 3-11-2025, ಸಂಜೆ 5.

ಇಷ್ಟಕ್ಕೆ 2,200ರ ಮಿತಿ ಧಾರಾಳ, ಮೊದಲ ಸಾಲು 125ರ ಒಳಗೇ ಮುಗಿದಿದೆ. ನಿಮ್ಮ ಬ್ರ್ಯಾಂಡ್ ಹೆಸರು ಉದ್ದವಿದ್ದರೆ "ಪೂರ್ತಿ" ಎಂಬುದನ್ನು ಬಿಡಿ, ಬ್ಯಾಚ್ ಸಂಖ್ಯೆಯನ್ನು ಮಾತ್ರ ಬಿಡಬೇಡಿ. ಇದರಲ್ಲಿ ಕೆಲವು ಸಾಲುಗಳು ಯಾಕಿವೆ ಎಂದು ಹೇಳಿಬಿಡುತ್ತೇನೆ, ಏಕೆಂದರೆ ಉದ್ದವಾಯಿತು ಎಂದು ನಿಮ್ಮಣ್ಣ ಕತ್ತರಿಸಲು ಹೊರಟರೆ ಮೊದಲು ಹೋಗುವುದು ಅವೇ.

ಡಬ್ಬಿಯ ಸಾಲು ನಮ್ಮ ಮನೆಗಳಿಗಾಗಿ. ಚಕ್ಕುಲಿ ತಂದ ದಿನವೇ ಸ್ಟೀಲ್ ಡಬ್ಬಿಗೆ ಸುರಿದು ಕವರ್ ಕಸಕ್ಕೆ ಹಾಕುವುದು ರೂಢಿ, ಹಾಗಾಗಿ ಬ್ಯಾಚ್ ಸಂಖ್ಯೆ ಎಷ್ಟು ದೊಡ್ಡದಾಗಿ ಬರೆದರೂ ಅರ್ಧ ಜನಕ್ಕೆ ಹೊಂದಿಸಿ ನೋಡಲು ಪ್ಯಾಕೆಟ್ಟೇ ಇರುವುದಿಲ್ಲ. ಅವರಿಗೆ ಕೊಂಡ ದಿನಾಂಕವೊಂದೇ ಗುರುತು. ಮಾಲು ನಿಮ್ಮಲ್ಲಿಂದ ಮೊದಲು ಹೊರಟದ್ದು ಯಾವತ್ತು ಎಂದು ಬಿಲ್ ಪುಸ್ತಕ ನೋಡಿ ಆ ದಿನಾಂಕ ಹಾಕಿ. ನಾನು 12 ಎಂದದ್ದು ಊಹೆ, 11ರ ಸಂಜೆಯೇ ಗಾಡಿ ಹೊರಟಿದ್ದರೆ 11 ಎಂದು ಬರೆಯಿರಿ. ಹೀಗೆ ದಿನಾಂಕದ ಮೇಲೆ ಹೋದಾಗ ಸರಿಯಿದ್ದ ಬ್ಯಾಚಿನ ಒಂದಷ್ಟು ಚಕ್ಕುಲಿಗೂ ನೀವು ದುಡ್ಡು ಕೊಡಬೇಕಾಗುತ್ತದೆ. ಅದನ್ನು ಖರ್ಚಿನ ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳಿ.

ಬಿಸಿ ಮಾಡಬೇಡಿ ಎಂಬುದೂ ಇಲ್ಲಿಯದೇ ಮಾತು. ಮೆತ್ತಗಾದ ಚಕ್ಕುಲಿಯನ್ನು ಕಾದ ಬಾಣಲೆಯಲ್ಲಿ ಎರಡು ನಿಮಿಷ ಹೊರಳಿಸಿ ಗರಿಗರಿ ಮಾಡಿಕೊಳ್ಳುವುದು ಎಲ್ಲರಿಗೂ ಗೊತ್ತಿದೆ. ಅದರಿಂದ ತೇವ ಹೋಗುತ್ತದೆ, ಕೆಟ್ಟ ಎಣ್ಣೆ ಸರಿಹೋಗುವುದಿಲ್ಲ. ವಾಸನೆ ಸ್ವಲ್ಪ ಹೊತ್ತು ಮರೆಯಾಗುವುದರಿಂದ ಗೊತ್ತಾಗದೆ ಇನ್ನಷ್ಟು ತಿನ್ನುತ್ತಾರೆ. ಬೇರೆಯವರಿಗೆ ಕೊಡಬೇಡಿ ಎಂದು ಬರೆಯದಿದ್ದರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತಿರುವ ವಿಷಯವೇ: ಮನೆಗೆಲಸಕ್ಕೆ ಬರುವವರ ಕೈಗೆ, ಇಲ್ಲವೇ ಬೀದಿಯ ದನದ ಮುಂದೆ ಕವರ್ ಸಮೇತ. ಒಬ್ಬರು ತಿನ್ನಬಾರದ್ದನ್ನು ಇನ್ನೊಬ್ಬರು ತಿನ್ನುವಂತೆ ಮಾಡಿದ ಪೋಸ್ಟು ಹೊಣೆಯರಿತದ್ದಲ್ಲ.

"ಯಾವುದೇ ಅಪಾಯವಿಲ್ಲ" ಎಂದು ಸೇರಿಸಲು ನಿಮಗೆ ಮನಸ್ಸಾಗಬಹುದು. ಬೇಡ. ಸೀಲು ಬಿಟ್ಟ ಪ್ಯಾಕೆಟ್ಟಿನಲ್ಲಿ ಎಣ್ಣೆ ಹಳಸುವುದಷ್ಟೇ ಅಲ್ಲ, ತೇವ ಹೆಚ್ಚಾದರೆ ಬೂಷ್ಟು ಹಿಡಿಯಲೂಬಹುದು. ಪರೀಕ್ಷೆಯ ವರದಿ ಕೈಗೆ ಬಾರದೆ ಅಪಾಯವಿಲ್ಲ ಎನ್ನುವುದು ಊಹೆ. ಹಾಗೆಂದು ವಿಷ, ಪ್ರಾಣಾಪಾಯ ಎಂಬ ಮಾತೂ ಬೇಡ. ಆದದ್ದೇನು, ಏನು ಲಕ್ಷಣ ಕಂಡರೆ ವೈದ್ಯರ ಬಳಿ ಹೋಗಬೇಕು, ಅಷ್ಟು ಸಾಕು. "ಕೆಲವು ಪ್ಯಾಕೆಟ್" ಎಂಬ ಮಾತನ್ನು ನಾನೂ ಬಳಸಿದ್ದೇನೆ, ಆದರೆ ಅದರ ಹಿಂದೆಯೇ ಎಲ್ಲವನ್ನೂ ವಾಪಸ್ ಪಡೆಯುತ್ತಿರುವುದೇಕೆ ಎಂದು ಹೇಳಿದ್ದೇನೆ. ಅದಿಲ್ಲದಿದ್ದರೆ ಪ್ರತಿಯೊಬ್ಬರೂ ಆ ಕೆಲವು ಪ್ಯಾಕೆಟ್ ಪಕ್ಕದ ಮನೆಯವರದ್ದು ಅಂದುಕೊಳ್ಳುತ್ತಾರೆ.

ಹಣದ ಬಗ್ಗೆ ಒಂದು ಎಚ್ಚರಿಕೆ. ಮಾಲು ವಾಪಸ್ ಎಂಬ ಸುದ್ದಿ ಹೊರಟ ಕೂಡಲೇ ನಿಮ್ಮ ಹೆಸರಿನಲ್ಲಿ ಸುಳ್ಳು ಸಹಾಯವಾಣಿ ಹುಟ್ಟಿಕೊಳ್ಳಬಹುದು. ದುಡ್ಡು ವಾಪಸ್ ಕೊಡುತ್ತೇವೆ, ಪಿನ್ ಹಾಕಿ ಎಂದದ್ದನ್ನು ನಂಬಿ ಹಾಕಿದರೆ ಗ್ರಾಹಕರ ಖಾತೆಯಿಂದಲೇ ಹಣ ಹೋಗುತ್ತದೆ. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಆದ್ದರಿಂದ ಹೊಸ ಸಂಖ್ಯೆ ತೆಗೆದುಕೊಳ್ಳದೆ ಪ್ಯಾಕೆಟ್ ಮೇಲೆ ಅಚ್ಚಾಗಿರುವ ಗ್ರಾಹಕ ಸಂಖ್ಯೆಯನ್ನೇ ಕೊಡಿ, ಯಾರು ಬೇಕಾದರೂ ಎರಡನ್ನೂ ಹೋಲಿಸಿ ನೋಡಬಹುದು. ಆ ಫೋನಿಗೆ ಈ ವಾರವಿಡೀ ಒಬ್ಬರನ್ನು ಕೂರಿಸಿ. ಹಣದ ಬದಲು ಕೂಪನ್, ಬೇರೆ ತಿಂಡಿ ಕೊಡುವ ಯೋಚನೆಯಿದ್ದರೆ ಬಿಡಿ. ಕೇಳಿದವರಿಗೆ ಬದಲಿ ಪ್ಯಾಕೆಟ್ ಕೊಡಬಹುದು, ಆದರೆ ಮೊದಲ ಮಾತು ಹಣವೇ ಆಗಿರಲಿ. ಗೀಟು ಎಳೆದು ಫೋಟೊ ಕಳಿಸಿ ಎಂದದ್ದು ಅದೇ ಪ್ಯಾಕೆಟ್ಟಿಗೆ ಎರಡು ಸಲ ಹಣ ಹೋಗದಿರಲಿ, ಅದು ಮತ್ತೆ ಅಂಗಡಿಯ ಶೆಲ್ಫಿಗೆ ಏರದಿರಲಿ ಎಂದು. ಆದರೂ ಒಂದಿಬ್ಬರು ಮೋಸ ಮಾಡುತ್ತಾರೆ. ಅದನ್ನು ತಡೆಯಲು ಬಿಲ್ ಕಡ್ಡಾಯ ಮಾಡಿದರೆ ಪ್ರಾಮಾಣಿಕರು ವಾಪಸ್ ಕೊಡದೆ ಸುಮ್ಮನಾಗುತ್ತಾರೆ, ಮಾಲು ಮನೆಯಲ್ಲೇ ಉಳಿಯುತ್ತದೆ.

ಚಿತ್ರಗಳು ಎರಡು ಸಾಕು. ಮೊದಲನೆಯದು ಬಿಳಿ ಹಿನ್ನೆಲೆಯಲ್ಲಿ ಪ್ಯಾಕೆಟ್ಟುಗಳ ಮುಂಭಾಗ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "ತಿನ್ನಬೇಡಿ, ವಾಪಸ್ ಕೊಡಿ", ಬ್ಯಾಚ್ ಸಂಖ್ಯೆ, ಫೋನ್ ಸಂಖ್ಯೆ, ಇವತ್ತಿನ ದಿನಾಂಕ. ಎರಡನೆಯದು ಪ್ಯಾಕೆಟ್ ಹಿಂಭಾಗದ ನಿಜವಾದ ಫೋಟೊ, ಬ್ಯಾಚ್ ಸಂಖ್ಯೆಯ ಸುತ್ತ ಕೆಂಪು ವೃತ್ತ. ವಾಟ್ಸಾಪ್‌ನಲ್ಲಿ ಎಷ್ಟೋ ಜನ ಚಿತ್ರವನ್ನಷ್ಟೇ ಮುಂದಕ್ಕೆ ಕಳಿಸುತ್ತಾರೆ, ಆಗ ಕೆಳಗಿನ ಬರಹ ಉದುರಿಹೋಗುತ್ತದೆ. ಅದಕ್ಕೇ ಮುಖ್ಯ ವಿಷಯ ಚಿತ್ರದ ಮೇಲೂ ಇರಬೇಕು. ದಿನಾಂಕವಿಲ್ಲದ ಚಿತ್ರ ಮುಂದಿನ ದೀಪಾವಳಿಗೂ ಸುತ್ತಾಡುತ್ತಿರುತ್ತದೆ. ಹಬ್ಬದ ಬಣ್ಣ, ದೀಪ, ನಗುವ ಮಕ್ಕಳ ಚಿತ್ರ ಬೇಡ, ದೂರದಿಂದ ನೋಡಿದವರು ರಿಯಾಯಿತಿ ಜಾಹೀರಾತು ಅಂದುಕೊಳ್ಳುತ್ತಾರೆ. ಬ್ಯಾಚ್ ಸಂಖ್ಯೆಯನ್ನು ಪ್ಯಾಕೆಟ್ ಮೇಲೆ ಹೇಗಿದೆಯೋ ಹಾಗೆಯೇ ಬರೆಯಿರಿ, ಕನ್ನಡ ಅಂಕಿಗೆ ಬದಲಿಸಬೇಡಿ. ಬೆಂಗಳೂರಿನ ಅಂಗಡಿಗಳಿಗೂ ಮಾಲು ಹೋಗಿದ್ದರೆ ಇಂಗ್ಲಿಷಿನಲ್ಲಿ ಇನ್ನೊಂದು ಪೋಸ್ಟ್ ಹಾಕಿ, ಒಂದೇ ಚಿತ್ರದಲ್ಲಿ ಎರಡು ಭಾಷೆ ತುರುಕಿದರೆ ಎರಡೂ ಓದಲಾಗುವುದಿಲ್ಲ.

ಹಾಕುವ ಮುನ್ನ ಬರಹಕ್ಕೆ ಸಂಬಂಧವಿಲ್ಲದ ಒಬ್ಬರ ಕೈಗೆ ಒಂದು ಪ್ಯಾಕೆಟ್ ಕೊಟ್ಟು, ಪೋಸ್ಟ್ ತೋರಿಸಿ, ಇದು ವಾಪಸ್ ಕೊಡಬೇಕಾದ್ದೋ ಅಲ್ಲವೋ ಎಂದು ಕೇಳಿ. ಅವರು ನಿಮ್ಮ ಮುಖ ನೋಡಿದರೆ ತಿದ್ದಿ. ಅಂಕಿಗಳನ್ನು ಇಬ್ಬರು ಬೇರೆ ಬೇರೆಯಾಗಿ ಪ್ಯಾಕೆಟ್ಟಿಗೆ ಹೋಲಿಸಲಿ. ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶ ತಿದ್ದಲು ಸಿಗುವುದು 15 ನಿಮಿಷ, ಅಷ್ಟರಲ್ಲಿ ಮುಂದಕ್ಕೆ ಹೋಗಿದ್ದನ್ನು ತಿದ್ದುವ ದಾರಿಯೇ ಇಲ್ಲ. ಇನ್‌ಸ್ಟಾಗ್ರಾಂನಲ್ಲಿ ಬರಹ ತಿದ್ದಬಹುದು, ಆದರೆ ಸದ್ದಿಲ್ಲದೆ ತಿದ್ದಬೇಡಿ. ಬ್ಯಾಚ್ ಸೇರಿಸಬೇಕಾಗಿ ಬಂದರೆ ಮೊದಲ ಸಾಲಿನಲ್ಲೇ "ತಿದ್ದುಪಡಿ" ಎಂದು ದಿನಾಂಕ, ಗಂಟೆ ಹಾಕಿ, ಹೊಸ ಪೋಸ್ಟನ್ನೂ ಹಾಕಿ, ಹಳೆಯದನ್ನು ಓದಿದವರು ಮತ್ತೆ ಅದರ ಕಡೆ ತಿರುಗುವುದಿಲ್ಲ.

ಕಾಮೆಂಟ್ ಮುಚ್ಚಬೇಡಿ, ಬೈದವರದ್ದನ್ನೂ ಅಳಿಸಬೇಡಿ. ಎಲ್ಲರಿಗೂ "ಮೆಸೇಜ್ ಮಾಡಿ" ಎಂಬ ಒಂದೇ ಉತ್ತರ ಅಂಟಿಸುವುದಕ್ಕಿಂತ ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಟ್ಟರೆ ಅದನ್ನು ಓದುವ ಇನ್ನಿಪ್ಪತ್ತು ಜನಕ್ಕೂ ಗೊತ್ತಾಗುತ್ತದೆ. ನಿಪ್ಪಟ್ಟು ತಿನ್ನಬಹುದಾ ಎಂದು ಕೇಳಿದರೆ "ನಿಪ್ಪಟ್ಟು ಬೇರೆ ಯಂತ್ರದಲ್ಲಿ ಪ್ಯಾಕ್ ಆಗಿದೆ, ಇದರಲ್ಲಿ ಸೇರಿಲ್ಲ" ಎಂದು ಹೇಳಿ, ಅದು ನಿಜವಾಗಿದ್ದರೆ. ತಿಂದು ಆರೋಗ್ಯ ಕೆಟ್ಟಿತು ಎಂದವರ ಸಂಖ್ಯೆ ಪಡೆದು ಅವತ್ತೇ ಫೋನ್ ಮಾಡಿ, ಯಾವಾಗ ತಿಂದರು, ಎಷ್ಟು, ಏನಾಯಿತು, ಪ್ಯಾಕೆಟ್ ಉಳಿದಿದೆಯೇ ಎಂದು ಬರೆದುಕೊಳ್ಳಿ. ಅಂಥ ಕರೆ ಬಂದರೆ ಅಂಕಿತ ಅಧಿಕಾರಿಗೂ ತಿಳಿಸಿ.

24 ಗಂಟೆಯಲ್ಲಿ ಮಾಯವಾಗುವ ಸ್ಟೋರಿಯಲ್ಲಿ ಮಾತ್ರ ಹಾಕಿ ಮುಗಿಸಬೇಡಿ. ಪೋಸ್ಟಾಗಿ ಹಾಕಿ ಪುಟದ ಮೇಲ್ತುದಿಗೆ ಪಿನ್ ಮಾಡಿ. ನಿಮ್ಮ ಪ್ಯಾಕೆಟ್ ಮೇಲೆ 90 ದಿನ ಎಂದಿದ್ದರೆ ಬ್ಯಾಚ್ 285ರ ಅವಧಿ 2026ರ ಜನವರಿ 10ಕ್ಕೆ ಮುಗಿಯುತ್ತದೆ, ಅಲ್ಲಿಯವರೆಗಾದರೂ ಅದು ಅಲ್ಲೇ ಇರಲಿ, ಆಮೇಲೂ ತೆಗೆಯಲು ಆತುರ ಬೇಡ, ಸಂಕ್ರಾಂತಿಗೆ ಊರಿಗೆ ಬಂದವರು ಅಟ್ಟದ ಡಬ್ಬಿ ತೆರೆಯುವುದೂ ಉಂಟು. ವಾರದ ಮೇಲೆ ಎಷ್ಟು ಪ್ಯಾಕೆಟ್ ವಾಪಸ್ ಬಂತು, ಪ್ರಯೋಗಾಲಯದ ವರದಿ ಏನೆಂದಿತು ಎಂದು ಎರಡು ಸಾಲು ಹಾಕಿ. ಬಂದ ಮಾಲನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ ಎಣಿಸಿಡಿ, ಅಧಿಕಾರಿಗಳು ಹೇಳುವವರೆಗೆ ನಾಶ ಮಾಡಬೇಡಿ, ಪುಡಿ ಮಾಡಿ ಬೇರೆ ತಿಂಡಿಗೆ ಬೆರೆಸುವ ಮಾತಂತೂ ಬೇಡವೇ ಬೇಡ.